ಸಹಾಯ ಬೇಕು: ದುಬೈಯಿಂದ ಬಂಗಾರಪೇಟೆಗೆ ಡಿಸೆಂಬರ್ ಟಿಕೆಟ್

ನಮ್ಮ ತಮ್ಮ ದುಬೈಯಲ್ಲಿ ಎಲೆಕ್ಟ್ರಿಷಿಯನ್. ರಜೆ ಸಿಕ್ಕಿರೋದು ಡಿಸೆಂಬರ್ 22ರಿಂದ, ಒಂದು ದಿನವೂ ಹಿಂದೆಮುಂದೆ ಆಗಲ್ಲ. ಬೆಂಗಳೂರಿಗೆ ನೇರ ವಿಮಾನ ಒಂದು ಕಡೆಗೇ 38 ಸಾವಿರ ತೋರಿಸ್ತಿದೆ.

ಮುಂಬೈವರೆಗೆ ಒಂದು, ಅಲ್ಲಿಂದ ಬೆಂಗಳೂರಿಗೆ ಇನ್ನೊಂದು ಅಂತ ಬೇರೆ ಬೇರೆ ಟಿಕೆಟ್ ನೋಡಿದ್ವಿ, 23 ಸಾವಿರ. ಆದ್ರೆ ಮುಂಬೈಯಲ್ಲೇ ಇಮಿಗ್ರೇಷನ್, ಕಸ್ಟಮ್ಸ್ ಮುಗಿಸಿ ಲಗೇಜು ಎತ್ಕೊಂಡು ಮತ್ತೆ ಚೆಕ್-ಇನ್ ಮಾಡ್ಬೇಕು. ಅವನ ಹತ್ರ 30 ಕೆಜಿ ಇದೆ (ಅಮ್ಮನ ಮಿಕ್ಸಿ ಸೇರಿ!), ಎರಡನೇ ಟಿಕೆಟ್‌ನಲ್ಲಿ 15 ಕೆಜಿಗಷ್ಟೇ ಅವಕಾಶ. ಮಿಕ್ಕಿದ್ದಕ್ಕೆ ದುಡ್ಡು ಕಟ್ಟಿದ್ರೆ ಉಳಿತಾಯ ಅರ್ಧ ಹೋಯ್ತು. ಮೊದಲ ವಿಮಾನ ತಡವಾದ್ರೆ ಎರಡನೇ ಟಿಕೆಟ್ಟೂ ಹೋದಂಗೇ.

ಈಗ ಚೆನ್ನೈಗೆ 26 ಸಾವಿರದ ಟಿಕೆಟ್ ಸಿಕ್ಕಿದೆ, ಬೆಳಗ್ಗೆ 8.30ಕ್ಕೆ ಇಳಿಯೋದು. ಅಲ್ಲಿಂದ ರೈಲಲ್ಲಿ ಸೀದಾ ಬಂಗಾರಪೇಟೆ. ಕ್ರಿಸ್‌ಮಸ್ ವಾರದಲ್ಲಿ ಹೀಗೆ ಬಂದೋರು ಹೇಳಿ: ವಿಮಾನ ಇಳಿದ ಮೇಲೆ ಸೆಂಟ್ರಲ್‌ನಲ್ಲಿ ರೈಲು ಹತ್ತೋಕೆ ಎಷ್ಟು ಗಂಟೆ ಬಿಟ್ಕೊಂಡು ಬುಕ್ ಮಾಡ್ಲಿ?