ಷೇರು ರಿಯಾಯಿತಿಗೆ ಎರಡು ಸಲ ತೆರಿಗೆ ಕಟ್ಟಿದ್ದೀರಾ? 2025ರ ಡಿಸೆಂಬರ್ 31ರವರೆಗೆ ಸಮಯವಿತ್ತು

ಬೋಪಣ್ಣ, ವಿರಾಜಪೇಟೆ: ವಸಂತಿ ಮೇಡಂ, ನಾನು ಅಮೆರಿಕದ ಕಂಪನಿಯೊಂದರ ಬೆಂಗಳೂರು ಶಾಖೆಗೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ನೌಕರರಿಗೆ ರಿಯಾಯಿತಿಯಲ್ಲಿ ಷೇರು ಕೊಡುವ ಕಂಪನಿಯ ಯೋಜನೆಗೆ ಸೇರಿದ್ದೆ. ಆರು ತಿಂಗಳು ಸಂಬಳದಲ್ಲಿ ಹಿಡಿದ ಹಣಕ್ಕೆ 2024ರ ಜೂನ್ 28ರಂದು 100 ಷೇರು ಬಂದವು. ನನಗೆ ಬಿದ್ದ ಬೆಲೆ ಷೇರಿಗೆ 34 ಡಾಲರ್, ಆ ದಿನದ ಮಾರುಕಟ್ಟೆ ಬೆಲೆ 50. 2025ರ ಫೆಬ್ರವರಿಯಲ್ಲಿ 54ಕ್ಕೆ ಮಾರಿದೆ. ಬ್ರೋಕರ್ ಪಟ್ಟಿಯಲ್ಲಿ ಲಾಭ 2,000 ಡಾಲರ್ ಎಂದಿತ್ತು. ಅದನ್ನೇ ಅಲ್ಪಾವಧಿ ಲಾಭವೆಂದು ತೋರಿಸಿ ಜುಲೈಯಲ್ಲಿ ರಿಟರ್ನ್ ಸಲ್ಲಿಸಿದೆ. ಫಾರ್ಮ್ 16ರಲ್ಲೂ ಷೇರಿನ ಹೆಸರಿನಲ್ಲಿ ಒಂದು ಮೊತ್ತ ಸೇರಿದೆ. ಸರಿಯಾಗಿದೆಯೆ?

ವಸಂತಿ, ಲೆಕ್ಕ ಪರಿಶೋಧಕಿ, ಮಡಿಕೇರಿ: ಇಲ್ಲ ಬೋಪಣ್ಣ, 16 ಡಾಲರ್ ರಿಯಾಯಿತಿಗೆ ನೀವು ಎರಡು ಸಲ ತೆರಿಗೆ ಕಟ್ಟಿದ್ದೀರಿ. ಷೇರು ನಿಮ್ಮ ಖಾತೆಗೆ ಬಂದ ದಿನವೇ ಆ ರಿಯಾಯಿತಿ ಸಂಬಳದ ಭಾಗವಾಯಿತು. ಫಾರ್ಮ್ 16ರಲ್ಲಿ ಸೇರಿರುವ ಮೊತ್ತ ಅದೇ. ಅದರ ಮೇಲೆ ಕಂಪನಿ ಟಿಡಿಎಸ್ ಹಿಡಿದಿರುತ್ತದೆ. ಒಮ್ಮೆ ಸಂಬಳವೆಂದು ತೆರಿಗೆ ತೆತ್ತ ಮೇಲೆ ನಿಮ್ಮ ಖರೀದಿ ಬೆಲೆ 34 ಅಲ್ಲ, 50. 1961ರ ಆದಾಯ ತೆರಿಗೆ ಕಾಯಿದೆಯ ಕಲಂ 49(2ಎಎ) ಹೇಳುವುದು ಇದನ್ನೇ: ಸಂಬಳದ ತೆರಿಗೆಗೆ ಯಾವ ಮಾರುಕಟ್ಟೆ ಬೆಲೆಯನ್ನು ತೆಗೆದುಕೊಂಡರೋ ಮಾರುವಾಗ ಅದೇ ನಿಮ್ಮ ಅಸಲು. ಬ್ರೋಕರ್‌ಗೆ ನಮ್ಮ ಸಂಬಳ ಪಟ್ಟಿಯ ವಿಷಯ ಗೊತ್ತಿಲ್ಲ. ನೀವು ಎಷ್ಟು ಹಣ ಕೊಟ್ಟಿರಿ ಎಂಬುದಷ್ಟೇ ಅವನ ಕಡತದಲ್ಲಿದೆ, ಹಾಗಾಗಿ 34 ಎಂದು ಬರೆದಿದ್ದಾನೆ.

ರೂಪಾಯಿಯಲ್ಲಿ ನೋಡೋಣ. ಲೆಕ್ಕದ ಅನುಕೂಲಕ್ಕೆ ಜೂನ್ ಹಂಚಿಕೆಗೆ ಡಾಲರ್‌ಗೆ 83, ಫೆಬ್ರವರಿ ಮಾರಾಟಕ್ಕೆ 86 ಎಂದು ಇಟ್ಟುಕೊಳ್ಳಿ. ಅಸಲು 5,000 ಡಾಲರ್, ಅಂದರೆ 4,15,000 ರೂಪಾಯಿ. ಮಾರಿ ಬಂದದ್ದು 5,400 ಡಾಲರ್, 4,64,400 ರೂಪಾಯಿ. ಲಾಭ 49,400. ನಿಮ್ಮ ದಾರಿಯಲ್ಲಿ ಅಸಲು 2,82,200 ಆಗಿ ಲಾಭ 1,82,200ಕ್ಕೆ ಏರುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ 1,32,800. ಅದು ಸಂಬಳಕ್ಕೆ ಸೇರಿಸಿದ ರಿಯಾಯಿತಿಯಷ್ಟೇ, ಒಂದು ರೂಪಾಯಿಯೂ ಹೆಚ್ಚು ಕಡಿಮೆಯಿಲ್ಲ. ನೀವು ಶೇಕಡಾ 30ರ ಹಂತದಲ್ಲಿದ್ದರೆ ಸೆಸ್ ಸೇರಿ ಸುಮಾರು 41,400 ರೂಪಾಯಿ ಸುಮ್ಮನೆ ಹೋಗಿದೆ.

2024-25ರ ಹಣಕಾಸು ವರ್ಷದ ರಿಟರ್ನನ್ನು ಪರಿಷ್ಕರಿಸಲು 2025ರ ಡಿಸೆಂಬರ್ 31 ಕೊನೆಯ ದಿನ. ಅದು ದಾಟಿದ ಮೇಲೆ ‘ಅಪ್‌ಡೇಟೆಡ್ ರಿಟರ್ನ್’ ಸಲ್ಲಿಸಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದರಲ್ಲಿ ತೆರಿಗೆ ಹೆಚ್ಚು ಕಟ್ಟಲು ಅವಕಾಶವಿದೆ, ಮರುಪಾವತಿ ಕೇಳಲು ಇಲ್ಲ.

ಬೋಪಣ್ಣ: ಮೇಡಂ, ಈಗ ಅರೇಬಿಕಾ ಕೊಯ್ಲು, ಮೇಲೆ ಹುತ್ತರಿ. ಜನವರಿಯಲ್ಲಿ ಮಾಡಿದರೆ ಆಗುವುದಿಲ್ಲವೆ?

ವಸಂತಿ: ಕೊನೆಯ ದಿನ ಹೇಳಿದ್ದೇನೆ.

ಲೋಕೇಶ್, ಸೋಮವಾರಪೇಟೆ: ಎಲ್ಲರಿಗೂ ಉಪಯುಕ್ತ ಮಾಹಿತಿ, ಬೇರೆ ಗುಂಪಿನಿಂದ ಬಂದದ್ದು: ‘ಯೋಜನೆಗೆ ಸೇರಿದ ದಿನದಿಂದ ಎರಡು ವರ್ಷ, ಷೇರು ಬಂದ ದಿನದಿಂದ ಒಂದು ವರ್ಷ ಇಟ್ಟುಕೊಂಡು ಮಾರಿ. ರಿಯಾಯಿತಿಗೆ ಸಂಬಳದ ತೆರಿಗೆಯೇ ಇಲ್ಲ.’ ಬೋಪಣ್ಣ ಅವಸರಪಟ್ಟರು.

ವಸಂತಿ: ಲೋಕೇಶ್ ಅವರೇ, ಇದು ಅಮೆರಿಕದ ತೆರಿಗೆದಾರರಿಗೆ ಅಲ್ಲಿನ ಕಾನೂನು ಇಟ್ಟಿರುವ ನಿಯಮ, ಅದೂ ಅರ್ಧಂಬರ್ಧ. ಸೋಮವಾರಪೇಟೆಯಲ್ಲಿ ಕುಳಿತವರಿಗೆ ಅನ್ವಯಿಸುವುದಿಲ್ಲ. ಇಲ್ಲಿ ಎರಡು ವರ್ಷವಲ್ಲ, ಇಪ್ಪತ್ತು ವರ್ಷ ಇಟ್ಟುಕೊಂಡರೂ ರಿಯಾಯಿತಿ ಬಂದ ವರ್ಷದ ಸಂಬಳವೇ. ಇದನ್ನು ನಂಬಿ ಫಾರ್ಮ್ 16ರ ಆ ಮೊತ್ತವನ್ನು ರಿಟರ್ನ್‌ನಲ್ಲಿ ಕಳೆದು ತೋರಿಸಿದವರಿಗೆ ನೋಟಿಸ್ ಬಂದಿದೆ. ಫಾರ್ವರ್ಡ್ ಮಾಡುವ ಮುನ್ನ ಯಾವ ದೇಶದ್ದೆಂದು ನೋಡಿ.

ಲೋಕೇಶ್: ಕ್ಷಮಿಸಿ ಮೇಡಂ, ಕಳುಹಿಸಿದವರು ದೊಡ್ಡ ಕಂಪನಿಯಲ್ಲಿ ಮ್ಯಾನೇಜರ್.

ರಫೀಕ್, ಕುಶಾಲನಗರ: ಲಿಸ್ಟೆಡ್ ಷೇರಿಗೆ 12 ತಿಂಗಳು ಆದರೆ ದೀರ್ಘಾವಧಿ ಅಲ್ಲವೆ? ಬೋಪಣ್ಣ ಇನ್ನು ನಾಲ್ಕೈದು ತಿಂಗಳು ಕಾದಿದ್ದರೆ ಶೇಕಡಾ 12.5 ಸಾಕಿತ್ತು.

ವಸಂತಿ: ಭಾರತದ ಷೇರು ವಿನಿಮಯ ಕೇಂದ್ರದಲ್ಲಿ ಲಿಸ್ಟ್ ಆಗಿದ್ದರೆ 12. ಅಮೆರಿಕದಲ್ಲಿ ಲಿಸ್ಟ್ ಆದದ್ದು ನಮ್ಮ ಕಾನೂನಿಗೆ ಲಿಸ್ಟ್ ಆಗದ ಷೇರು, 24 ತಿಂಗಳು. ಅದನ್ನು ಹಂಚಿಕೆಯಾದ ದಿನದಿಂದ ಎಣಿಸಬೇಕು, ಯೋಜನೆಗೆ ಸೇರಿದ ದಿನದಿಂದ ಅಲ್ಲ. 24 ದಾಟಿದರೆ ಶೇಕಡಾ 12.5, ಅದಕ್ಕೆ ಮುಂಚೆ ನಿಮ್ಮ ಹಂತದ ದರ. ಭಾರತದ ಷೇರಿಗಿರುವ 1.25 ಲಕ್ಷದ ವಿನಾಯಿತಿ ಇದಕ್ಕಿಲ್ಲ.

ತಂಗಮ್ಮ, ಗೋಣಿಕೊಪ್ಪ: ಮೇಡಂ, ಮಗನ ಸಂಬಳದಲ್ಲಿ ಷೇರಿಗೆ ಹಿಡಿಯುತ್ತಾರೆ. ಆ ತಿಂಗಳುಗಳ ಮನೆ ಖರ್ಚೆಲ್ಲ ಕಾಫಿ ಮಾರಿದ ಹಣದಲ್ಲಿ ನಡೆಯುತ್ತದೆ. ಹಾಗಾದರೆ ಷೇರಿನ ಲಾಭವನ್ನು ಕೃಷಿ ಆದಾಯ ಎನ್ನಬಹುದೆ? ನಮ್ಮ ಪಕ್ಕದ ಎಸ್ಟೇಟಿನವರು ಹಾಗೆ ತೋರಿಸಿದ್ದಾರಂತೆ.

ವಸಂತಿ: ಆಗುವುದಿಲ್ಲ ತಂಗಮ್ಮ ಅವರೇ. ಹಣ ಎಲ್ಲಿಂದ ಬಂತು ಎಂಬುದರಿಂದ ಲಾಭದ ಜಾತಿ ಬದಲಾಗುವುದಿಲ್ಲ. ಕಾಫಿಯ ಆದಾಯ ಮಗನ ಹೆಸರಿನಲ್ಲಿದ್ದರೆ ಅದನ್ನು ಪ್ರತ್ಯೇಕವಾಗಿ ತೋರಿಸಬೇಕು. 5,000 ದಾಟಿದರೆ ಅದು ಸಂಬಳದ ಮೇಲಿನ ತೆರಿಗೆಯ ದರವನ್ನೂ ಮೇಲಕ್ಕೆ ತಳ್ಳುತ್ತದೆ.

ದೇಚಮ್ಮ, ಪೊನ್ನಂಪೇಟೆ: ಕಾಫಿಗೂ ತೆರಿಗೆ ಎಂದರೆ ಇನ್ನು ಬೆಳೆಯುವುದೇ ಬೇಡ.

ರಫೀಕ್: ದೇಚಮ್ಮ ಅಕ್ಕ, ಕಾಫಿಗೆ ತೆರಿಗೆ ಎಂದು ಅವರು ಹೇಳಲೇ ಇಲ್ಲ, ಇನ್ನೊಮ್ಮೆ ಓದಿ.

ದೇಚಮ್ಮ: ಓದಿದ್ದೇನೆ. ದರ ಮೇಲೆ ಹೋದರೆ ಜೇಬಿನಿಂದ ಹೋಗುವುದು ಯಾರದು? ತೋಟ ಇಲ್ಲದವರಿಗೆ ಇದು ಅರ್ಥವಾಗುವುದಿಲ್ಲ.

ರಫೀಕ್: ತೋಟದ ಮಾತು ಇಲ್ಲಿ ಏಕೆ ಬಂತು?

ತಂಗಮ್ಮ: ನನ್ನ ಪ್ರಶ್ನೆಯಿಂದಲೇ ಶುರುವಾಯಿತು, ಬಿಡಿ ಇಬ್ಬರೂ.

ಚಂಗಪ್ಪ, ಮಡಿಕೇರಿ (ನಿವೃತ್ತ ಬ್ಯಾಂಕ್ ಅಧಿಕಾರಿ): ವಸಂತಿ ಅವರೇ, ನಿಮ್ಮ 49,400ಕ್ಕೆ ನನ್ನ ಆಕ್ಷೇಪವಿದೆ. ಷೇರಿನಲ್ಲಿ ಬೋಪಣ್ಣ ಗಳಿಸಿದ್ದು 400 ಡಾಲರ್. ಅದಕ್ಕೆ 86 ಹಾಕಿದರೆ 34,400. ಉಳಿದ 15,000 ಬಂದದ್ದು ಡಾಲರ್ ಎದುರು ರೂಪಾಯಿ ಕುಸಿದದ್ದರಿಂದ. ಆದಾಯ ತೆರಿಗೆ ನಿಯಮ 115 ಡಾಲರಿನಲ್ಲಿ ಬಂದ ಆದಾಯವನ್ನು ಪರಿವರ್ತಿಸಿ ಎನ್ನುತ್ತದೆ. ಆದಾಯ ಎಂದರೆ 400 ಡಾಲರ್ ತಾನೆ? ಒಂದೇ ದರ ಸಾಕು.

ವಸಂತಿ: ಸರ್, ಹಾಗೆ ವಾದಿಸುವವರು ನಮ್ಮ ವೃತ್ತಿಯಲ್ಲೂ ಇದ್ದಾರೆ. ನಾನು ಒಪ್ಪದಿರಲು ಕಾರಣ ಇಷ್ಟೇ. ಈ ಷೇರಿನ ಅಸಲು ಡಾಲರಿನಲ್ಲಿ ಹುಟ್ಟಿದ್ದಲ್ಲ. ಕಂಪನಿ ಜೂನ್‌ನಲ್ಲಿ ಅದನ್ನು ರೂಪಾಯಿಯಲ್ಲಿ ಲೆಕ್ಕ ಹಾಕಿ ಸಂಬಳಕ್ಕೆ ಸೇರಿಸಿತು. ಕಾನೂನು ‘ಅಲ್ಲಿ ಲೆಕ್ಕಕ್ಕೆ ತೆಗೆದುಕೊಂಡ ಬೆಲೆ’ ಎನ್ನುವಾಗ ನಾನು ಆ ರೂಪಾಯಿ ಮೊತ್ತವನ್ನೇ ಹಿಡಿಯುತ್ತೇನೆ. ಮಾರಾಟದ ಹಣಕ್ಕೆ ಮಾತ್ರ ಮಾರಾಟದ ಹಿಂದಿನ ತಿಂಗಳ ಕೊನೆಯ ದಿನ ಎಸ್‌ಬಿಐ ಪ್ರಕಟಿಸುವ ಟಿಟಿ ಖರೀದಿ ದರ, ಅಂದರೆ ಬ್ಯಾಂಕು ಡಾಲರ್ ಕೊಳ್ಳುವ ದರ. ಬೋಪಣ್ಣನಿಗೆ ಅದು ಜನವರಿ 31ರ ದರ.

ಚಂಗಪ್ಪ: ವಿದೇಶಿ ವಿನಿಮಯದಲ್ಲೇ ಜೀವಮಾನ ಕಳೆದವನು ನಾನು. ಒಂದು ಕೈಯಲ್ಲಿ ಒಂದು ದರ, ಇನ್ನೊಂದು ಕೈಯಲ್ಲಿ ಇನ್ನೊಂದು, ಇದು ಲೆಕ್ಕವಲ್ಲ.

ವಸಂತಿ: ರೂಪಾಯಿ ಬಲವಾಗಿದ್ದ ವರ್ಷವಾದರೆ ನಿಮ್ಮ ವಿಧಾನದಲ್ಲಿ ತೆರಿಗೆ ಹೆಚ್ಚಾಗುತ್ತದೆ, ಆಗಲೂ ಇದನ್ನೇ ಹೇಳುವಿರಾ? ಯಾವುದೋ ಒಂದು ವಿಧಾನ ಹಿಡಿದು ಎಲ್ಲ ವರ್ಷಕ್ಕೂ ಅದನ್ನೇ ಬಳಸಿ. ಈ ವಾದವನ್ನು ನಾನು ಇಲ್ಲಿಗೆ ಬಿಡುತ್ತೇನೆ.

ಚಂಗಪ್ಪ: ಉತ್ತರ ಇಲ್ಲದಾಗ ಎಲ್ಲರೂ ಹಾಗೇ ಬಿಡುತ್ತಾರೆ.

ಬೋಪಣ್ಣ: ಮೇಡಂ, ಕಂಪನಿಯ ಸಂಬಳ ವಿಭಾಗದಿಂದ ಹಂಚಿಕೆ ಪಟ್ಟಿ ತರಿಸಿದೆ. ಅವರು ಹಿಡಿದ ಮಾರುಕಟ್ಟೆ ಬೆಲೆ 50 ಅಲ್ಲ, 49.60 ಡಾಲರ್. ದರ 83. ಸಂಬಳಕ್ಕೆ ಸೇರಿಸಿದ್ದು 1,29,480. ಅವರು ತಪ್ಪು ಮಾಡಿದ್ದಾರೆಯೆ?

ವಸಂತಿ: ತಪ್ಪಲ್ಲ. ಪಟ್ಟಿ ತರಿಸಿದ್ದು ಒಳ್ಳೆಯದಾಯಿತು. ವಿದೇಶದಲ್ಲಿ ಲಿಸ್ಟ್ ಆದ ಷೇರಿನ ಬೆಲೆಯನ್ನು ಮರ್ಚೆಂಟ್ ಬ್ಯಾಂಕರ್ ಒಬ್ಬರು ನಿಗದಿ ಮಾಡಬೇಕು. ಅವರು ಹಂಚಿಕೆಯ ದಿನದ ಬೆಲೆಯನ್ನೂ ತೆಗೆದುಕೊಳ್ಳಬಹುದು, ಹಿಂದಿನ 180 ದಿನಗಳೊಳಗಿನ ದಿನವನ್ನೂ ತೆಗೆದುಕೊಳ್ಳಬಹುದು. ಹಾಗಾಗಿ ಆ ದಿನ ಪರದೆಯ ಮೇಲೆ ಕಂಡ ಬೆಲೆಗೂ ಇದಕ್ಕೂ ಹೊಂದದಿರುವುದು ಸಾಮಾನ್ಯ. ನಿಮ್ಮ ಅಸಲು 4,960 ಡಾಲರ್, 4,11,680 ರೂಪಾಯಿ. ಸರಿಯಿದೆಯೆ ಎಂದು ತಿಳಿಯಲು ನೀವು ಷೇರಿಗೆ ಕೊಟ್ಟ 2,82,200ಕ್ಕೆ ಫಾರ್ಮ್ 16ರ 1,29,480 ಸೇರಿಸಿ, ಅದೇ ಬರುತ್ತದೆ. ಮಾರಾಟದ ದರ 86 ಆದರೆ ಲಾಭ 52,720. ಮಾರಾಟದ ಕಡೆ ಮಾತ್ರ ಜನವರಿ 31ರ ನಿಜವಾದ ದರ ಹಾಕಿಕೊಳ್ಳಿ.

ಈಗ ನನ್ನನ್ನು ಇನ್ನೂ ಹೆಚ್ಚು ಕಾಡುತ್ತಿರುವ ವಿಷಯ. ವಿದೇಶಿ ಆಸ್ತಿಯ ಷೆಡ್ಯೂಲ್ ಎಫ್‌ಎ ತುಂಬಿದ್ದೀರಾ?

ಬೋಪಣ್ಣ: ಇಲ್ಲ. ಮಾರ್ಚ್ 31ಕ್ಕೆ ಒಂದು ಷೇರೂ ಇರಲಿಲ್ಲವಲ್ಲ.

ವಸಂತಿ: ಅದೇ ಭಯವಿತ್ತು. ಷೆಡ್ಯೂಲ್ ಎಫ್‌ಎ ಹಣಕಾಸು ವರ್ಷವನ್ನು ನೋಡುವುದಿಲ್ಲ, ಕ್ಯಾಲೆಂಡರ್ ವರ್ಷವನ್ನು ನೋಡುತ್ತದೆ. ಈ ರಿಟರ್ನ್‌ಗೆ ಅದು 2024ರ ಜನವರಿಯಿಂದ ಡಿಸೆಂಬರ್. ಜೂನ್ 28ರಿಂದ ಡಿಸೆಂಬರ್ 31ರವರೆಗೆ ಷೇರು ನಿಮ್ಮ ಕೈಯಲ್ಲಿತ್ತು. ಎ3 ಕೋಷ್ಟಕದಲ್ಲಿ ಕಂಪನಿಯ ಹೆಸರು, ವಿಳಾಸ, ಪಡೆದ ದಿನ, ಆರಂಭದ ಮೌಲ್ಯ, ವರ್ಷದಲ್ಲಿ ಮುಟ್ಟಿದ ಗರಿಷ್ಠ ಮೌಲ್ಯ, ಡಿಸೆಂಬರ್ 31ರ ಮೌಲ್ಯ ಬರೆಯಬೇಕು. ಫೆಬ್ರವರಿಯ ಮಾರಾಟ ಈ ಕೋಷ್ಟಕಕ್ಕೆ ಬರುವುದಿಲ್ಲ. ಅದು ಮುಂದಿನ ವರ್ಷದ ಎಫ್‌ಎಯಲ್ಲಿ ಬರುತ್ತದೆ. ಆದರೆ ಅದರ ಲಾಭ ಮಾತ್ರ ಈ ರಿಟರ್ನ್‌ನಲ್ಲೇ. ಹೊಸಬರು ಎಡವುವುದು ಇಲ್ಲಿಯೇ. ಪರಿಷ್ಕೃತ ರಿಟರ್ನ್‌ನಲ್ಲಿ ಷೆಡ್ಯೂಲ್ ಎಫ್‌ಎ, ತಿದ್ದಿದ ಲಾಭ ಎರಡನ್ನೂ ಸೇರಿಸಿ ಸಲ್ಲಿಸಿ.

ರಫೀಕ್: 20 ಲಕ್ಷದವರೆಗೆ ತೋರಿಸಬೇಕಾಗಿಲ್ಲ ಎಂದು ಬಂದಿದೆಯಲ್ಲ?

ವಸಂತಿ: ತೋರಿಸಬೇಕು. ಸ್ಥಿರಾಸ್ತಿಯಲ್ಲದ ವಿದೇಶಿ ಆಸ್ತಿ ಒಟ್ಟು 20 ಲಕ್ಷದೊಳಗಿದ್ದರೆ ಕಪ್ಪುಹಣ ಕಾಯಿದೆಯ 10 ಲಕ್ಷದ ದಂಡ 2024ರ ಅಕ್ಟೋಬರ್ 1ರಿಂದ ಇಲ್ಲ. ದಂಡ ತಪ್ಪಿತು, ತೋರಿಸುವ ಕರ್ತವ್ಯ ತಪ್ಪಿಲ್ಲ.

ಲೋಕೇಶ್: ಫಾರ್ವರ್ಡ್: ‘ಮಾರುವ ಮುನ್ನ ಷೇರನ್ನು ಹೆಂಡತಿಯ ಹೆಸರಿಗೆ ದಾನ ಮಾಡಿ, ಅವರಿಗೆ ಆದಾಯವಿಲ್ಲದಿದ್ದರೆ ತೆರಿಗೆ ಸೊನ್ನೆ.’

ವಸಂತಿ: ಲಾಭ ನಿಮ್ಮ ಲೆಕ್ಕಕ್ಕೇ ಸೇರುತ್ತದೆ. ಇನ್ನೊಂದು ಫಾರ್ವರ್ಡ್ ಬಂದರೆ ನಾನು ಉತ್ತರಿಸುವುದಿಲ್ಲ.

ಲೋಕೇಶ್: ಎಲ್ಲರಿಗೂ ತಿಳಿಯಲಿ ಎಂದು ಹಾಕಿದೆ, ಸಿಟ್ಟೇಕೆ?

ಚಂಗಪ್ಪ: ಇವರಿಗೆ ಸಿಟ್ಟೇ ಉತ್ತರ.

ದೇಚಮ್ಮ: ಚಂಗಪ್ಪ ಅವರೇ, ಹಣ ಪಡೆಯದೆ ಹೇಳುತ್ತಿದ್ದಾರೆ, ಸ್ವಲ್ಪ ಮರ್ಯಾದೆ ಇರಲಿ.

ಪವನ್, ನಾಪೋಕ್ಲು: ನನ್ನ ತಂಗಿ ಜರ್ಮನಿಯಲ್ಲಿದ್ದಾಗ ಷೇರು ಬಂದದ್ದು, ಈಗ ಊರಿಗೆ ವಾಪಸಾಗಿದ್ದಾಳೆ. ಅಲ್ಲಿ ತೆರಿಗೆ ಕಟ್ಟಿದ್ದಾಳೆ. ಇಲ್ಲಿ ಅಸಲು ಯಾವುದು?

ಸುಬ್ಬಯ್ಯ, ಸಿದ್ದಾಪುರ: ಶೇಕಡಾ 15 ರಿಯಾಯಿತಿಯಲ್ಲಿ ಕೊಂಡ ಷೇರು, ಮಾರುವಾಗ ಖರೀದಿ ಬೆಲೆ ಯಾವುದು ಹಾಕಬೇಕು?

ವಸಂತಿ: ಮೇಲಿದೆ, ಓದಿ.

ಬೋಪಣ್ಣ: ಪರಿಷ್ಕೃತ ರಿಟರ್ನ್ ಸಲ್ಲಿಸಿದೆ ಮೇಡಂ, ಇ-ವೆರಿಫೈ ಕೂಡ ಆಯಿತು. ಹಳೆಯ ರಿಟರ್ನ್‌ನ ಸ್ವೀಕೃತಿ ಸಂಖ್ಯೆ ಮತ್ತು ದಿನಾಂಕ ಕೇಳಿತು, ಹಾಕಿದೆ.

ಪವನ್: ನನ್ನ ಪ್ರಶ್ನೆಗೆ ಯಾರಾದರೂ?

ಚಂಗಪ್ಪ: ಬೋಪಣ್ಣ, ಯಾವ ದರ ಹಾಕಿದೆ, ಒಂದೋ ಎರಡೋ?

ಬೋಪಣ್ಣ: ಎರಡು ಸರ್.

ಚಂಗಪ್ಪ: ಸರಿ, ಕಟ್ಟು.