ಚಾಟ್‌ನಿಂದ ತೆಗೆದ ಪ್ರಶ್ನೋತ್ತರಗಳನ್ನು ಪುಟವಾಗಿಸುವಾಗ ಉತ್ತರಗಳೇ ಶೀರ್ಷಿಕೆಗಳಾಗುತ್ತಿವೆ

ಇರುಳುನೋಟ

ನಮ್ಮ ಆಕಾಶ ವೀಕ್ಷಣೆಯ ಗುಂಪಿನ ಚಾಟ್‌ನಲ್ಲಿ ಹೊಸಬರು ಕೇಳಿದ್ದ ಸುಮಾರು 40 ಪ್ರಶ್ನೆಗಳನ್ನು ಉತ್ತರಗಳ ಸಮೇತ ನಕಲಿಸಿಕೊಂಡು, ಮಾರ್ಕ್‌ಡೌನ್‌ನಲ್ಲಿ ಒಂದು ಪ್ರಶ್ನೋತ್ತರ ಪುಟ ಸಿದ್ಧಪಡಿಸುತ್ತಿದ್ದೇನೆ. ಪ್ರತಿ ಪ್ರಶ್ನೆಯ ಮುಂದೆ `###` ಹಾಕಿ, ಒಂದು ಉತ್ತರ ಮುಗಿದ ಕೂಡಲೇ ಮೂರು ಅಡ್ಡಗೆರೆಗಳನ್ನು ಎಳೆದಿದ್ದೇನೆ. ಆದರೆ ಪುಟವನ್ನು ತೆರೆದರೆ ಹಲವು ಉತ್ತರಗಳು ಪ್ರಶ್ನೆಗಿಂತಲೂ ದೊಡ್ಡ ದಪ್ಪಕ್ಷರಗಳಲ್ಲಿ ಕಾಣಿಸುತ್ತವೆ, ಮತ್ತು ಪುಟದ ಮೇಲೆ ತಾನಾಗಿ ಮೂಡುವ ವಿಷಯಸೂಚಿಯಲ್ಲಿಯೂ ಅವೇ ಸೇರಿಕೊಂಡಿವೆ. ಒಂದು ತುಣುಕು ಹೀಗಿದೆ; ಇದರಲ್ಲಿ ಐಪೀಸ್ ಎಂದರೆ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡುವ ಮಸೂರ, ಬಾರ್ಲೋ ಎಂದರೆ ಅದರ ವರ್ಧನೆಯನ್ನು ಹೆಚ್ಚಿಸುವ ಇನ್ನೊಂದು ಮಸೂರ:

```
### ಯಾವ ಐಪೀಸ್?
4 ಮಿ.ಮೀ., ಜೊತೆಗೆ ಬಾರ್ಲೋ. ಅದು ಜಾಸ್ತಿ ಆಯ್ತು, 10 ಹಾಕಿ.
---
```

ಎಲ್ಲಿ ತಪ್ಪಿದ್ದೇನೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಹಳೆಯಕಡತ

ಚಾಟ್‌ನಲ್ಲಿ ಅಳಿಸಿದ ಸಂದೇಶಗಳು ನಕಲಿನಲ್ಲಿ ಬರುವುದಿಲ್ಲ. ಹಿಂದಿನ ಬ್ಯಾಕಪ್ ಇದ್ದರೆ ಅದನ್ನು ಮರುಸ್ಥಾಪಿಸಿದ ಮೇಲೆ ಮತ್ತೊಮ್ಮೆ ನಕಲಿಸಿ ನೋಡಿ.

ಇರುಳುನೋಟ

ಕ್ಷಮಿಸಿ, ಸಂದೇಶಗಳೆಲ್ಲವೂ ನನ್ನ ಬಳಿ ಇವೆ. ಅವು ಪುಟದಲ್ಲಿ ಕಾಣಿಸುತ್ತಿರುವ ರೂಪದಲ್ಲಿ ಮಾತ್ರ ತೊಂದರೆಯಿದೆ.

ಪುಟಗಾರ

ದೊಡ್ಡಕ್ಷರಗಳಿಗೆ ಕಾರಣ ಆ ಅಡ್ಡಗೆರೆಗಳು. ಮಾರ್ಕ್‌ಡೌನ್‌ನಲ್ಲಿ ಒಂದು ಸಾಲಿನ ಬರಹದ ಕೆಳಗೆ, ನಡುವೆ ಖಾಲಿ ಸಾಲು ಬಿಡದೆ `---` ಬರೆದರೆ, ಅದು ಮೇಲಿನ ಬರಹವನ್ನು ಎರಡನೆಯ ಹಂತದ ಶೀರ್ಷಿಕೆಯಾಗಿಸುವ ಗುರುತೆಂದು ಪರಿಗಣಿತವಾಗುತ್ತದೆ. ನಿಮ್ಮ ಪ್ರಶ್ನೆಗಳು ಮೂರನೆಯ ಹಂತದವಾದ್ದರಿಂದ ಉತ್ತರವು ಪ್ರಶ್ನೆಗಿಂತ ದೊಡ್ಡದಾಗಿ ಕಾಣುತ್ತಿದೆ. ಖಾಲಿ ಸಾಲು ಇದ್ದ ಕಡೆಗಳಲ್ಲಿ ಮಾತ್ರ ನಿಜವಾದ ಗೆರೆ ಮೂಡಿರಬೇಕು, ಪರಿಶೀಲಿಸಿ. ನನ್ನ ಅಭಿಪ್ರಾಯದಲ್ಲಿ ಶೀರ್ಷಿಕೆಗಳೇ ಉತ್ತರಗಳನ್ನು ಬೇರ್ಪಡಿಸುವುದರಿಂದ ಗೆರೆಗಳನ್ನು ಪೂರ್ತಿಯಾಗಿ ತೆಗೆದುಬಿಡುವುದು ಒಳ್ಳೆಯದು.

ಆದರೆ ನೀವು ಕೊಟ್ಟ ತುಣುಕಿನಲ್ಲಿ ನನಗೆ ಇನ್ನೂ ದೊಡ್ಡ ತೊಂದರೆಯೊಂದು ಕಾಣುತ್ತಿದೆ. "ಯಾವ ಐಪೀಸ್?" ಎಂದು ಕೇಳಿದವರು ಹೊಸಬರಲ್ಲ, ಉತ್ತರ ಕೊಡಲು ಹೊರಟವರು ಎಂದು ತೋರುತ್ತದೆ. ಇವುಗಳನ್ನು ಹೇಗೆ ಆರಿಸಿದಿರಿ?

ಸೂತ್ರಪ್ರಿಯ

ಇಷ್ಟು ಸಂದೇಶಗಳನ್ನು ಕೈಯಿಂದ ಆರಿಸುವ ಅಗತ್ಯವಿಲ್ಲ. ಎಡಿಟರ್‌ನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಬಳಸಿ, ಪ್ರಶ್ನಾರ್ಥಕ ಚಿಹ್ನೆಯಿಂದ ಮುಗಿಯುವ ಸಾಲುಗಳನ್ನು `^(.+\?)$` ಎಂದು ಹುಡುಕಿ `### $1` ಎಂದು ಬದಲಿಸಿದರೆ ಎಲ್ಲ ಪ್ರಶ್ನೆಗಳೂ ಒಮ್ಮೆಲೇ ಶೀರ್ಷಿಕೆಗಳಾಗುತ್ತವೆ.

ಇರುಳುನೋಟ

ಪುಟಗಾರರೇ, ಖಾಲಿ ಸಾಲಿನ ವಿಷಯ ನೀವು ಹೇಳಿದಂತೆಯೇ ಇತ್ತು. ಗೆರೆಗಳನ್ನು ತೆಗೆದ ಮೇಲೆ ಅಕ್ಷರಗಳು ಸರಿಹೋದವು. ಪ್ರಶ್ನೆಗಳನ್ನು ನಾನು ಆರಿಸಿದ್ದು ಸೂತ್ರಪ್ರಿಯರು ಹೇಳಿದ ವಿಧಾನದಲ್ಲಿಯೇ. ಆ ಭಾಗದ ಮೂಲ ಸಂಭಾಷಣೆಯನ್ನು ಹೆಸರುಗಳನ್ನು ತೆಗೆದು ಕೊಡುತ್ತಿದ್ದೇನೆ:

```
ಅ: ಗುರು ಸ್ಪಷ್ಟವಾಗಿ ಕಾಣ್ತಿಲ್ಲ, ಬರೀ ಬಿಳಿ ಉಂಡೆ
ಆ: ಯಾವ ಐಪೀಸ್?
ಅ: 4 ಮಿ.ಮೀ., ಜೊತೆಗೆ ಬಾರ್ಲೋ
ಆ: ಅದು ಜಾಸ್ತಿ ಆಯ್ತು, 10 ಹಾಕಿ
ಇ: ಹೊರಗಿಟ್ಟು ಎಷ್ಟು ಹೊತ್ತಾಯ್ತು?
ಅ: ಈಗಷ್ಟೇ
ಇ: ಅರ್ಧ ಗಂಟೆ ಬಿಡಿ
ಅ: ಸರಿ ಹೋಯ್ತು, ಪಟ್ಟೆ ಕಾಣ್ತಿದೆ
```

ಪುಟಗಾರ

ಈ ಎಂಟು ಸಾಲುಗಳಲ್ಲಿಯೇ ಸೂತ್ರದ ಮಿತಿ ಕಾಣುತ್ತದೆ. ನಿಜವಾದ ಪ್ರಶ್ನೆ ಮೊದಲ ಸಾಲಿನಲ್ಲಿದೆ, ಆದರೆ ಅಲ್ಲಿ ಪ್ರಶ್ನಾರ್ಥಕ ಚಿಹ್ನೆಯಿಲ್ಲ. ತೊಂದರೆಯಲ್ಲಿರುವವರು ಚಾಟ್‌ನಲ್ಲಿ ಸಾಮಾನ್ಯವಾಗಿ ದೂರಿನ ರೂಪದಲ್ಲಿಯೇ ಬರೆಯುತ್ತಾರೆ. ಚಿಹ್ನೆಯಿರುವ ಎರಡು ಸಾಲುಗಳೂ ಉತ್ತರಿಸುವವರು ಕೇಳಿದ ಮರುಪ್ರಶ್ನೆಗಳು. ಅವು ಶೀರ್ಷಿಕೆಗಳಾಗಬಾರದು, ಆದರೆ ಅವುಗಳನ್ನು ಎಸೆಯಲೂಬಾರದು, ಏಕೆಂದರೆ ಉತ್ತರವು ಯಾವ ಸ್ಥಿತಿಗೆ ಅನ್ವಯಿಸುತ್ತದೆ ಎಂಬ ಷರತ್ತು ಸಿಗುವುದು ಆ ಮರುಪ್ರಶ್ನೆಗಳಲ್ಲಿಯೇ. "10 ಹಾಕಿ" ಎಂಬ ಮಾತು 4 ಮಿ.ಮೀ. ಐಪೀಸ್‌ಗೆ ಬಾರ್ಲೋ ಸೇರಿಸಿದವರಿಗೆ ಸಲ್ಲುತ್ತದೆಯೇ ಹೊರತು ಎಲ್ಲರಿಗೂ ಅಲ್ಲ.

ಆದ್ದರಿಂದ ನಾನು ಸಾಲುಗಳನ್ನು ಬದಲಿಸುವ ಮೊದಲು ಸಂಭಾಷಣೆಯನ್ನು ತುಂಡುಗಳಾಗಿ ಕತ್ತರಿಸುತ್ತೇನೆ. ದೂರು ಆರಂಭವಾದಲ್ಲಿಂದ "ಸರಿ ಹೋಯ್ತು" ಎನ್ನುವ ತನಕ ಒಂದು ತುಂಡು. ನಂತರ ಹುಡುಕಿಕೊಂಡು ಬರುವವರು ತಮ್ಮ ತೊಂದರೆಯನ್ನು ಯಾವ ಮಾತಿನಲ್ಲಿ ಹೇಳುತ್ತಾರೋ ಆ ಮಾತಿನಲ್ಲಿ ಶೀರ್ಷಿಕೆ ಬರೆಯುತ್ತೇನೆ. ಅವರಿಗೆ ಬಾರ್ಲೋ ಕಾರಣವೆಂದು ಗೊತ್ತಿರುವುದಿಲ್ಲವಾದ್ದರಿಂದ ಶೀರ್ಷಿಕೆಯಲ್ಲಿ ಬಾರ್ಲೋ ಬರಬಾರದು, ಮಸುಕು ಬರಬೇಕು. ಉತ್ತರದ ಮೊದಲ ವಾಕ್ಯದಲ್ಲಿ ಮಾಡಬೇಕಾದ ಕೆಲಸವನ್ನೂ, ಅದರ ಬೆನ್ನಿಗೆ ಷರತ್ತನ್ನೂ ಇಡುತ್ತೇನೆ. ಆ ದೂರದರ್ಶಕದ ಅಳತೆಗಳು ನಿಮಗೆ ತಿಳಿದಿವೆಯೇ?

ಇರುಳುನೋಟ

ಕನ್ನಡಿಯ ವ್ಯಾಸ 114 ಮಿ.ಮೀ., ನಾಭಿದೂರ 900 ಮಿ.ಮೀ., ಬಾರ್ಲೋ ಎರಡು ಪಟ್ಟಿನದು. ಇದು ಚಾಟ್‌ನಲ್ಲಿ ಎಲ್ಲೂ ಇರಲಿಲ್ಲ. ಗುಂಪಿನಲ್ಲಿ ಎಲ್ಲರಿಗೂ ಅವರ ದೂರದರ್ಶಕ ಗೊತ್ತಿದ್ದುದರಿಂದ ಯಾರೂ ಹೇಳಲಿಲ್ಲ.

ಪುಟಗಾರ

ಹಾಗಾದರೆ 900ನ್ನು 4ರಿಂದ ಭಾಗಿಸಿ ಎರಡು ಪಟ್ಟು ಮಾಡಿದಾಗ ವರ್ಧನೆ 450 ಪಟ್ಟು ಆಗುತ್ತದೆ. ವ್ಯಾಸದ ಪ್ರತಿ ಮಿ.ಮೀ.ಗೆ ಎರಡು ಪಟ್ಟು ಎಂಬ ರೂಢಿಯ ಮಿತಿಯಂತೆ ಈ ಕನ್ನಡಿಗೆ ಸುಮಾರು 228 ಪಟ್ಟು ಗರಿಷ್ಠ. ಗುಂಪಿನವರಿಗೆ ಗೊತ್ತಿದ್ದು ಪುಟದ ಓದುಗರಿಗೆ ಗೊತ್ತಿಲ್ಲದ ಇಂಥ ಸಂಗತಿಗಳನ್ನು ನೀವೇ ಸೇರಿಸಬೇಕು. ನಾನು ಹೀಗೆ ಬರೆಯುತ್ತಿದ್ದೆ:

```
### ಗುರು ಗ್ರಹ ಮಸುಕಾದ ಬಿಳಿ ಉಂಡೆಯಂತೆ ಕಾಣುವುದು ಏಕೆ?

ಬಾರ್ಲೋ ತೆಗೆದು 10 ಮಿ.ಮೀ. ಐಪೀಸ್ ಹಾಕಿ ನೋಡಿ; ವರ್ಧನೆ
ಮಿತಿ ಮೀರಿರಬಹುದು. ದೂರದರ್ಶಕವನ್ನು ಆಗಷ್ಟೇ ಹೊರಗೆ
ತಂದಿದ್ದರೆ ಅರ್ಧ ಗಂಟೆ ಕಾಯಿರಿ. (114 ಮಿ.ಮೀ. ವ್ಯಾಸ,
900 ಮಿ.ಮೀ. ನಾಭಿದೂರ.)
```

"ಮೀರಿರಬಹುದು" ಎಂದು ಬರೆದಿರುವುದಕ್ಕೆ ಕಾರಣವಿದೆ. ಅವರು ಐಪೀಸ್ ಬದಲಿಸಿದ್ದರಿಂದ ಸರಿಹೋಯಿತೋ, ಅರ್ಧ ಗಂಟೆ ಕಾದದ್ದರಿಂದಲೋ ಎಂಬುದು ಚಾಟ್‌ನಿಂದ ತಿಳಿಯುವುದಿಲ್ಲ. ಸಂಕ್ಷೇಪಿಸುವಾಗ ಒಂದನ್ನು ಬಿಟ್ಟರೆ, ಯಾರೂ ಹೇಳದ ಮಾತನ್ನು ನಾವು ಹೇಳಿದಂತಾಗುತ್ತದೆ.

ಸೂತ್ರಪ್ರಿಯ

ಒಪ್ಪುತ್ತೇನೆ, ಶೀರ್ಷಿಕೆಗಳನ್ನು ಸೂತ್ರಕ್ಕೆ ಬಿಡಬಾರದಿತ್ತು. ಆದರೂ ಸಾಲಿನ ಮೊದಲಲ್ಲಿರುವ ದಿನಾಂಕ, ಸಮಯ ಮತ್ತು ಹೆಸರುಗಳನ್ನು ತೆಗೆಯಲು ಅದೇ ಉಪಾಯ ಸಾಕು ಎಂದು ಈಗಲೂ ಹೇಳುತ್ತೇನೆ.

ಪುಟಗಾರ

ಅದಕ್ಕೆ ಅದು ಖಂಡಿತ ಸಾಕು. ತುಂಡು ಮಾಡಿದ ನಂತರ ತೆಗೆಯಿರಿ ಎಂಬುದಷ್ಟೇ ನನ್ನ ಸೂಚನೆ, ಏಕೆಂದರೆ ಹೆಸರುಗಳು ಹೋದ ಮೇಲೆ ಕೇಳಿದವರು ಯಾರು, ಹೇಳಿದವರು ಯಾರು ಎಂದು ಗುರುತಿಸಲಾಗದು.

ನೂಲುಗಂಟು

ನಮ್ಮ ಹೊಲಿಗೆಯ ಗುಂಪಿನ ಪುಟದಲ್ಲಿ ಬೇರೊಂದು ತೊಂದರೆಯಾಯಿತು. ಯಾರಾದರೂ ಅದೇ ಪ್ರಶ್ನೆ ಕೇಳಿದಾಗಲೆಲ್ಲ ಆ ಶೀರ್ಷಿಕೆಯ ಕೊಂಡಿಯನ್ನು ಚಾಟ್‌ನಲ್ಲಿ ಹಾಕುತ್ತಿದ್ದೆವು. ಒಂದು ದಿನ ನಾನು ಶೀರ್ಷಿಕೆಯ ಪದಗಳನ್ನು ತಿದ್ದಿದೆ. ಅಂದಿನಿಂದ ಹಳೆಯ ಕೊಂಡಿಗಳೆಲ್ಲ ಪುಟದ ತಲೆಗೆ ಹೋಗಿ ನಿಲ್ಲುತ್ತಿವೆ.

ಪುಟಗಾರ

ನಿಮ್ಮ ಕೊಂಡಿಯ ಕೊನೆಯ ಭಾಗವು ಶೀರ್ಷಿಕೆಯ ಪದಗಳಿಂದಲೇ ತಯಾರಾಗುತ್ತಿರುವುದರಿಂದ ಹಾಗಾಗಿದೆ. ನಿಮ್ಮ ತಾಣ ಎಚ್‌ಟಿಎಂಎಲ್ ಬರೆಯಲು ಬಿಡುವುದಾದರೆ `<h3 id="guru-masuku">` ಎಂಬಂತೆ ಗುರುತನ್ನು ನೀವೇ ಕೊಟ್ಟು, ಒಳಗಿನ ಪದಗಳನ್ನು ಎಷ್ಟು ಬಾರಿ ಬೇಕಾದರೂ ತಿದ್ದಬಹುದು. ಕೆಲವು ತಾಣಗಳು ಅದನ್ನು ತೆಗೆದುಹಾಕುತ್ತವೆ. ಅಲ್ಲಿ ಶೀರ್ಷಿಕೆಯನ್ನು ಮೊದಲೇ ಯೋಚಿಸಿ ಬರೆದು, ಮುಟ್ಟದೆ ಬಿಡಬೇಕಾಗುತ್ತದೆ.

ಇರುಳುನೋಟ

ತುಂಡು ಮಾಡಿದ ಮೇಲೆ ನನ್ನ 40 ಶೀರ್ಷಿಕೆಗಳು 17ಕ್ಕೆ ಇಳಿದಿವೆ. ಗುರುವಿನ ಬಗ್ಗೆ ಕೇಳಿದವರನ್ನೂ ವಿಚಾರಿಸಿದೆ. ಐಪೀಸ್ ಬದಲಿಸಿದ್ದು ಮತ್ತು ಕಾದದ್ದು ಎರಡೂ ಒಟ್ಟಿಗೇ ಆದವಂತೆ, ಆದ್ದರಿಂದ ಎರಡನ್ನೂ ಉಳಿಸಿದ್ದೇನೆ.

ಒಂದು ಮಾತ್ರ ಬಗೆಹರಿಯಲಿಲ್ಲ. ಕನ್ನಡಿಯ ಮೇಲೆ ಧೂಳು ಕೂತರೆ ಏನು ಮಾಡಬೇಕೆಂಬ ಪ್ರಶ್ನೆಗೆ ಒಬ್ಬರು ಭಟ್ಟಿ ಇಳಿಸಿದ ನೀರಿನಲ್ಲಿ ತೊಳೆಯಿರಿ ಎಂದಿದ್ದಾರೆ, ಇನ್ನೊಬ್ಬರು ಮುಟ್ಟಲೇಬೇಡಿ ಎಂದಿದ್ದಾರೆ. ಇಬ್ಬರೂ ಅನುಭವಸ್ಥರು.

ಪುಟಗಾರ

ತೆಳು ಧೂಳಿನಿಂದ ನೋಟಕ್ಕೆ ಹೆಚ್ಚೇನೂ ಹಾನಿಯಿಲ್ಲ, ಒರೆಸಿದರೆ ಲೇಪನಕ್ಕೆ ಗೀರು ಬೀಳುತ್ತದೆ. ಅಂಟಿದ ಕೊಳೆಗೆ ಮಾತ್ರ ತೊಳೆಯುವುದು. ಇಬ್ಬರೂ ಬೇರೆ ಬೇರೆ ಕನ್ನಡಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸಿರುವ ಸಾಧ್ಯತೆಯಿದೆ. ಆ ಮೂಲ ದೂರಿನಲ್ಲಿ ಧೂಳು ಎಷ್ಟಿತ್ತೆಂದು ಬರೆದಿದೆಯೇ?

ಇರುಳುನೋಟ

ಬರೆದಿಲ್ಲ, ಒಂದು ಚಿತ್ರವಿತ್ತು. ನಕಲಿನಲ್ಲಿ ಅದು ಬಂದಿಲ್ಲ. ಕೇಳಿದವರು ಈಗ ಗುಂಪಿನಲ್ಲಿಲ್ಲ. ಚಾಟ್‌ಗೆ ಹಿಂತಿರುಗಿ ಆ ಚಿತ್ರ ಇನ್ನೂ ತೆರೆಯುತ್ತದೆಯೇ ಎಂದು ನೋಡುತ್ತೇನೆ; ಅಲ್ಲಿಯ ತನಕ ಆ ಶೀರ್ಷಿಕೆಯನ್ನು ಪುಟದಿಂದ ಹೊರಗಿಟ್ಟಿದ್ದೇನೆ.