28.8 ಎಲ್ಲಿಂದ ಬಂತು? ದ್ವಿತೀಯ ಪಿಯುಸಿ ಲೆಕ್ಕಗಳಲ್ಲಿ ಕೈತಪ್ಪುವ ಅಂಕಗಳು

ಕೇಳಿದವರು, ದ್ವಿತೀಯ ಪಿಯುಸಿ ವಿದ್ಯಾರ್ಥಿನಿ:
"ತಾಪ 298 K ಇಂದ 308 K ಗೆ ಏರಿದಾಗ ಕ್ರಿಯೆಯ ದರ ಎರಡರಷ್ಟಾದರೆ ಆಕ್ಟಿವೇಷನ್ ಎನರ್ಜಿ ಎಷ್ಟು ಎಂಬ ಲೆಕ್ಕಕ್ಕೆ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನನಗೆ 28.8 kJ ಬಂತು. ಸರಿಯುತ್ತರ 52.9 kJ. ಸೂತ್ರವೂ ಸರಿ, ಬೆಲೆ ತುಂಬಿದ್ದೂ ಸರಿ. ಹಿಂದೆ ಬಿಡಿಸಿದ ಇನ್ನೆರಡು ಉತ್ತರಗಳಲ್ಲೂ ಹೀಗೆಯೇ ಒಂದೊಂದು ಅಂಕ ಹೋಗಿದೆ. ಏಕಮಾನ ಮತ್ತು ಸಾರ್ಥಕ ಅಂಕಿಗಳ ವಿಷಯದಲ್ಲಿ ಏನನ್ನು ನೋಡಿಕೊಳ್ಳಬೇಕು? ಅನುಭವವಿದ್ದವರು ತಿಳಿಸಿ."

ಎಂಜಿನಿಯರಿಂಗ್ ವಿದ್ಯಾರ್ಥಿ:
ಎರಡು ವರ್ಷಗಳ ಹಿಂದೆ ನಾನೂ ಇದೇ ಲೆಕ್ಕದಲ್ಲಿ ಅಂಕ ಕಳೆದುಕೊಂಡಿದ್ದೆ. ನನ್ನ ತಪ್ಪು R ನ ಬೆಲೆಯಲ್ಲಿತ್ತು. R ಅನ್ನು 8.314 ಎಂದು ಬರೆದರೆ ಉತ್ತರ ಜೂಲ್‌ನಲ್ಲಿ ಬರುತ್ತದೆ, ಅದನ್ನು ಸಾವಿರದಿಂದ ಭಾಗಿಸಿದ ಮೇಲೆಯೇ ಕಿಲೋಜೂಲ್ ಎಂದು ಬರೆಯಬೇಕು. ನಿಮ್ಮದೂ ಹಾಗೆಯೇ ಆಗಿರಬಹುದು. ಇದಲ್ಲದೆ ಪ್ರತಿ ಹಂತದಲ್ಲೂ ತಪ್ಪದೆ ನಾಲ್ಕು ದಶಮಾಂಶ ಸ್ಥಾನಗಳನ್ನು ಉಳಿಸಿಕೊಳ್ಳಿ, ಆಗ ಯಾವ ಲೆಕ್ಕವೂ ಕೈಕೊಡುವುದಿಲ್ಲ.

ರಸಾಯನಶಾಸ್ತ್ರ ಉಪನ್ಯಾಸಕಿ:
ಜೂಲ್ ಮತ್ತು ಕಿಲೋಜೂಲ್ ಬಗ್ಗೆ ಮೇಲಿನವರು ಹೇಳಿದ್ದು ಸರಿಯಾಗಿದೆ. ಆದರೆ ಅಲ್ಲಿ ತಪ್ಪಿದ್ದರೆ ಉತ್ತರ ಸಾವಿರ ಪಟ್ಟು ಬದಲಾಗಬೇಕಿತ್ತು. 28.8 ಎಂಬುದು 52.9 ರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು, ಆದ್ದರಿಂದ ಇದು ಏಕಮಾನದ ತಪ್ಪಲ್ಲ. ನಿಜ ಹೇಳಬೇಕೆಂದರೆ ನೀವು ಅವರು ಹೇಳಿದ ಹಾಗೆಯೇ ನಾಲ್ಕು ದಶಮಾಂಶ ಸ್ಥಾನಗಳನ್ನು ಉಳಿಸಿಕೊಂಡಿದ್ದೀರಿ, ತೊಂದರೆಯಾಗಿರುವುದು ಅದರಿಂದಲೇ.

ನಿಮ್ಮ ಉತ್ತರಪತ್ರಿಕೆಯಲ್ಲಿ 1/298 ಅನ್ನು 0.0034 ಎಂದೂ 1/308 ಅನ್ನು 0.0032 ಎಂದೂ ಬರೆದು, ಕಳೆದು 0.0002 ಪಡೆದಿರುತ್ತೀರಿ. ನೋಡಲು ನಾಲ್ಕು ಸ್ಥಾನಗಳಿದ್ದರೂ ಮುಂದಿನ ಸೊನ್ನೆಗಳು ಸಾರ್ಥಕ ಅಂಕಿಗಳಲ್ಲ, ಅಲ್ಲಿ ಉಳಿದಿದ್ದು ಬರೀ ಎರಡು ಅಂಕಿಗಳು. ಬಹುತೇಕ ಸಮನಾದ ಎರಡು ಸಂಖ್ಯೆಗಳನ್ನು ಕಳೆದಾಗ ಅವೂ ಕರಗಿ ಒಂದೇ ಅಂಕಿ ಉಳಿಯಿತು. 1/298 ರ ಬೆಲೆ 0.00335570, 1/308 ರ ಬೆಲೆ 0.00324675, ವ್ಯತ್ಯಾಸ 0.00010895. ಅದು ನಿಮ್ಮಲ್ಲಿ 0.0002 ಆಗಿ ಹೆಚ್ಚುಕಡಿಮೆ ಎರಡು ಪಟ್ಟಾಯಿತು, ಅದೇ ಸಂಖ್ಯೆಯಿಂದ ಭಾಗಿಸುವುದರಿಂದ ಉತ್ತರ ಹೆಚ್ಚುಕಡಿಮೆ ಅರ್ಧವಾಯಿತು.

ನಾನು ತರಗತಿಯಲ್ಲಿ ವಿಲೋಮಗಳನ್ನು ಬೇರೆ ಬೇರೆಯಾಗಿ ಬಿಡಿಸಲು ಬಿಡುವುದೇ ಇಲ್ಲ. ಸೂತ್ರವನ್ನು ಮೊದಲು ಹೀಗೆ ಬರೆದುಕೊಳ್ಳಿ:

Ea = 2.303 × R × log(k2/k1) × (T1 × T2)/(T2 − T1)

ಈಗ ಕಳೆಯುವುದು 308 ರಿಂದ 298 ಅನ್ನು ಮಾತ್ರ, ಬಾಯಲ್ಲೇ 10 ಬರುತ್ತದೆ. 298 × 308 = 91784. ಉಳಿದ 2.303 × 8.314 × 0.3010 ಗುಣಿಸಿದರೆ 5.763. ಇದನ್ನು 9178.4 ರಿಂದ ಗುಣಿಸಿದರೆ ಸುಮಾರು 52900 J mol⁻¹, ಅಂದರೆ 52.9 kJ mol⁻¹. ನಡುವೆ ಎಲ್ಲಿಯೂ ಅಂಕಿಗಳನ್ನು ಮೊಟಕುಗೊಳಿಸುವ ಅಗತ್ಯವೇ ಬರುವುದಿಲ್ಲ.

ಇದೇ ಲೆಕ್ಕವನ್ನು ತಿರುಗಿಸಿ, Ea ಯನ್ನು 52.9 kJ ಎಂದು ಕೊಟ್ಟು ದರ ಎಷ್ಟು ಪಟ್ಟಾಗುತ್ತದೆ ಎಂದು ಕೇಳಿದಾಗಲೇ ಏಕಮಾನ ಕೈಕೊಡುವುದು. ಬಹಳ ಮಂದಿ 52.9 ಅನ್ನು ಹಾಗೆಯೇ ಇಟ್ಟು 8.314 ನ್ನು ಕೆಳಗೆ ಬರೆಯುತ್ತಾರೆ. ಆಗ log ಬೆಲೆ 0.3010 ರ ಬದಲು 0.000301 ಬಂದು, k2/k1 ಸುಮಾರು 1.0007 ಆಗುತ್ತದೆ. ಹತ್ತು ಡಿಗ್ರಿ ಬಿಸಿ ಮಾಡಿದರೂ ಕ್ರಿಯೆ ಕದಲಲೇ ಇಲ್ಲ ಎಂದು ಆ ಉತ್ತರ ಹೇಳುತ್ತಿದೆ. ಅದನ್ನು ಒಮ್ಮೆ ಓದಿಕೊಂಡರೆ ತಪ್ಪು ಅಲ್ಲೇ ಕಾಣುತ್ತದೆ, ಓದಿಕೊಳ್ಳದೆ ಕೆಳಗೆ ಗೆರೆ ಎಳೆಯುವುದರಿಂದ ಅಂಕ ಹೋಗುತ್ತದೆ.

ಐಟಿಐ ತರಬೇತುದಾರರು:
ನನ್ನ ಮಗನ ಭೌತಶಾಸ್ತ್ರದ ಹಳೆಯ ಪತ್ರಿಕೆಗಳನ್ನು ನಾನೇ ಕುಳಿತು ನೋಡಿದೆ. ಅವನು ಉದ್ದವನ್ನು ತಪ್ಪದೆ ಬದಲಿಸುತ್ತಾನೆ, ವಿಸ್ತೀರ್ಣ ಬಂದಾಗ ಮಾತ್ರ ಎಡವುತ್ತಾನೆ. ಎರಡು ಮೀಟರ್ ಉದ್ದ, 0.5 mm² ಅಡ್ಡಕೊಯ್ತ, 1.7 × 10⁻⁸ Ω m ರೋಧಶೀಲತೆಯ ತಂತಿಗೆ ಅವನು ವಿಸ್ತೀರ್ಣವನ್ನು 0.5 × 10⁻³ m² ಎಂದು ಬರೆದು 6.8 × 10⁻⁵ Ω ಪಡೆದಿದ್ದ. ಮಿಲಿಮೀಟರ್‌ಗೆ 10⁻³ ಎಂಬುದು ಬಾಯಿಪಾಠವಾಗಿದೆ, ಅದೂ ವರ್ಗವಾಗಬೇಕೆಂಬುದು ಮರೆತುಹೋಗಿದೆ. 0.5 × 10⁻⁶ ಇಟ್ಟರೆ 0.068 Ω ಬರುತ್ತದೆ. ಈಗ ಅವನಿಗೆ ಬದಲಾವಣೆಯನ್ನು ಮನಸ್ಸಿನಲ್ಲಿ ಮಾಡಬೇಡ, "ದತ್ತಾಂಶ" ಎಂದು ಬರೆಯುವ ಜಾಗದಲ್ಲೇ (10⁻³ m)² ಎಂದು ಆವರಣ ಹಾಕಿ ಬರೆ ಎಂದು ಹೇಳಿಕೊಟ್ಟಿದ್ದೇನೆ. ಅಂದಿನಿಂದ ಆ ತಪ್ಪು ಮರುಕಳಿಸಿಲ್ಲ.

ಬಿ.ಎಸ್ಸಿ. ವಿದ್ಯಾರ್ಥಿನಿ:
ಪ್ರಾಯೋಗಿಕ ಪರೀಕ್ಷೆಯ ದಾಖಲೆ ಪುಸ್ತಕದ ಬಗ್ಗೆ ಕೇಳುತ್ತಿದ್ದೀರಿ ಎಂದುಕೊಂಡಿದ್ದೇನೆ. 0.01 cm ವರೆಗೆ ಅಳೆಯುವ ವರ್ನಿಯರ್‌ನಲ್ಲಿ ಓದಿದ್ದನ್ನು 2.5 cm ಎಂದು ಬರೆಯಬೇಡಿ, 2.50 cm ಎಂದೇ ಬರೆಯಿರಿ. ಕೊನೆಯ ಸೊನ್ನೆಯನ್ನೂ ನೀವು ಅಳೆದಿದ್ದೀರಿ.

ಸಂಶೋಧನಾ ವಿದ್ಯಾರ್ಥಿ:
ಉಪನ್ಯಾಸಕಿಯವರ ವಿಧಾನವನ್ನು ನಾನೂ ಒಪ್ಪುತ್ತೇನೆ. ಆದರೆ ಕೊನೆಯ ಉತ್ತರದ ಬಗ್ಗೆ ಒಂದು ತಕರಾರಿದೆ. 308 ರಿಂದ 298 ಕಳೆದಾಗ ಬರುವ 10 ರಲ್ಲಿ ಎರಡೇ ಸಾರ್ಥಕ ಅಂಕಿಗಳಿವೆ. ನಿಯಮವನ್ನು ಕಟ್ಟುನಿಟ್ಟಾಗಿ ಹಿಡಿದರೆ ಉತ್ತರ 53 kJ mol⁻¹ ಆಗಬೇಕೇ ಹೊರತು 52.9 ಅಲ್ಲ. "ಎರಡರಷ್ಟು" ಎಂಬುದನ್ನು ನಿಖರ ಸಂಖ್ಯೆ ಎಂದು ತೆಗೆದುಕೊಂಡರೂ ತಾಪವ್ಯತ್ಯಾಸ ಆ ಮಿತಿಯನ್ನು ಹಾಕುತ್ತದೆ.

ರಸಾಯನಶಾಸ್ತ್ರ ಉಪನ್ಯಾಸಕಿ:
ನಿಯಮದ ದೃಷ್ಟಿಯಿಂದ ನಿಮ್ಮ ಮಾತು ಸರಿ, ಅದನ್ನು ಅಲ್ಲಗಳೆಯಲಾರೆ. ಆದರೆ ಪಠ್ಯದ ಕೆಲವು ಬಿಡಿಸಿದ ಲೆಕ್ಕಗಳು ಕೊಟ್ಟ ದತ್ತಾಂಶದ ಮೂರು ಅಂಕಿಗಳನ್ನೇ ಉತ್ತರದಲ್ಲೂ ಉಳಿಸುತ್ತವೆ. ನಾನು ಮೌಲ್ಯಮಾಪನಕ್ಕೆ ಕುಳಿತಾಗ 52.9 ಕ್ಕೂ 52.898 ಕ್ಕೂ 53 ಕ್ಕೂ ಅಂಕ ಕೊಟ್ಟಿದ್ದೇನೆ, kJ ಎಂದು ಬರೆಯದ 52.9 ಕ್ಕೆ ಕೊಟ್ಟಿಲ್ಲ. ನನ್ನ ಪಕ್ಕದಲ್ಲಿ ಕುಳಿತವರು ಏನು ಮಾಡುತ್ತಾರೆಂದು ಹೇಳಲು ನನ್ನಿಂದಾಗದು.

ಕೇಳಿದವರು:
ಮೇಡಂ, ಉತ್ತರಪತ್ರಿಕೆಯನ್ನು ತೆಗೆದು ನೋಡಿದೆ. ನೀವು ಹೇಳಿದಂತೆಯೇ 0.0034 − 0.0032 ಎಂದು ನನ್ನ ಕೈಬರಹದಲ್ಲೇ ಇದೆ. ಉಳಿದೆರಡು ಉತ್ತರಗಳನ್ನೂ ಅದೇ ಕಣ್ಣಿನಿಂದ ನೋಡಿದೆ. ಎರಡೂ ಪ್ರಥಮ ದರ್ಜೆಯ ಕ್ರಿಯೆಯವು, ಅರ್ಧಾಯು 60 ನಿಮಿಷ. ಒಂದರಲ್ಲಿ 0.693/60 = 0.01155 ಎಂದು ಸರಿಯಾಗಿ ಬರೆದು ಮುಂದೆ s⁻¹ ಎಂದು ಹಾಕಿದ್ದೇನೆ. ಅದರ ಮೇಲಿನ ಲೆಕ್ಕ ಸೆಕೆಂಡಿನಲ್ಲಿತ್ತು, ಕೈ ಅದೇ ಓಟದಲ್ಲಿ ಬರೆದಿದೆ. ಸೆಕೆಂಡಿನಲ್ಲೇ ಬೇಕಿದ್ದರೆ 1.93 × 10⁻⁴ ಆಗಬೇಕಿತ್ತು. ಇನ್ನೊಂದರಲ್ಲಿ k ಯನ್ನು ಎರಡು ದಶಮಾಂಶಕ್ಕೆ ಮೊಟಕುಗೊಳಿಸಿ 0.01 ಎಂದು ಬರೆದು, 90% ಕ್ರಿಯೆ ಮುಗಿಯಲು 2.303/k ಯಿಂದ 230 ನಿಮಿಷ ಎಂದಿದ್ದೇನೆ. 0.01155 ಅನ್ನೇ ಇಟ್ಟು ಈಗ ಬಿಡಿಸಿದರೆ 199 ಬರುತ್ತದೆ. ಆದರೆ ಸಂಶೋಧನಾ ವಿದ್ಯಾರ್ಥಿ ಸರ್ ಹೇಳಿದ್ದನ್ನು ಓದಿದ ಮೇಲೆ, ಪ್ರಶ್ನೆಯಲ್ಲಿರುವ 60 ರ ಸೊನ್ನೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಉತ್ತರವನ್ನು 2.0 × 10² ಎಂದು ಬರೆಯಬೇಕೋ, 199 ಎಂದೇ ಬಿಡಬೇಕೋ ತಿಳಿಯುತ್ತಿಲ್ಲ. ಸದ್ಯಕ್ಕೆ 199 min ಎಂದು ಬರೆದಿದ್ದೇನೆ, ನಾಳೆ ನಮ್ಮ ಉಪನ್ಯಾಸಕರನ್ನು ಕೇಳುತ್ತೇನೆ.